“ಗ್ರಾಹಕರು ಒಪ್ಪಲಿಲ್ಲ, ಆಮೇಲೆ?” ಇಂಟರ್‌ವ್ಯೂನಲ್ಲಿ ಇದಕ್ಕೆ ಏನು ಹೇಳಬೇಕು?

ಹೊಸದಾರಿ

ಎಲ್ಲರಿಗೂ ನಮಸ್ಕಾರ. ದೊಡ್ಡ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟು ಬಂದೆ. ಶುರುವಿನಲ್ಲಿ ಎಲ್ಲ ಚೆನ್ನಾಗೇ ಇತ್ತು. ಆಮೇಲೆ ಈ ಪ್ರಶ್ನೆ ಬಂತು.

“ಒಬ್ಬ ಗ್ರಾಹಕರು ಜಾಕೆಟ್ ವಾಪಸ್ ತಂದಿದ್ದಾರೆ. ಜಿಪ್ ಹಾಳಾಗಿದೆ. ಬಿಲ್ ಇಲ್ಲ. ದುಡ್ಡು ವಾಪಸ್ ಕೊಡಿ ಅಂತ ಕೂಗಾಡುತ್ತಿದ್ದಾರೆ. ಹಿಂದೆ ಆರೇಳು ಜನ ಕ್ಯೂ ನಿಂತಿದ್ದಾರೆ. ಏನು ಮಾಡುತ್ತೀರಿ?”

ಸಮಾಧಾನವಾಗಿ ಕೇಳಿಸಿಕೊಳ್ಳುತ್ತೇನೆ, ಕ್ಷಮೆ ಕೇಳುತ್ತೇನೆ, ಅಂಗಡಿಯ ನಿಯಮ ವಿವರಿಸುತ್ತೇನೆ ಅಂದೆ. “ಅವರು ಒಪ್ಪಲಿಲ್ಲ. ಆಮೇಲೆ?” ಅಂದರು. ಮ್ಯಾನೇಜರ್‌ನ ಕರೆಯುತ್ತೇನೆ ಅಂದೆ. “ಮ್ಯಾನೇಜರ್ ಇಲ್ಲ, ಹೊರಗೆ ಹೋಗಿದ್ದಾರೆ. ಆಮೇಲೆ?” ಏನು ಹೇಳಿದರೂ ಇನ್ನೊಂದು “ಆಮೇಲೆ” ರೆಡಿ ಇತ್ತು.

ಅವರಿಗೆ ನಿಜವಾಗಿ ಯಾವ ಉತ್ತರ ಬೇಕಿತ್ತು? ಮುಂದಿನ ವಾರ ಹೋಟೆಲ್ ಫ್ರಂಟ್ ಆಫೀಸ್ ಕೆಲಸಕ್ಕೂ ಇಂಟರ್‌ವ್ಯೂ ಇದೆ. ಅಲ್ಲೂ ಇದೇ ಕೇಳುತ್ತಾರೆ ಅಂತ ಗೆಳತಿ ಹೇಳಿದಳು.

ನೇರನುಡಿ

ಗ್ರಾಹಕರು ಹೇಳಿದ್ದೇ ಸರಿ. ದುಡ್ಡು ವಾಪಸ್ ಕೊಟ್ಟು ಕಳಿಸುತ್ತೇನೆ ಅನ್ನಬೇಕಿತ್ತು. ಇಷ್ಟೇ ಅವರಿಗೆ ಬೇಕಿರೋದು.

ಸ್ಕ್ಯಾನರ್

@ನೇರನುಡಿ, ಹಾಗೆ ಹೇಳಿದರೆ ಅಲ್ಲೇ ಕೆಲಸ ಕೈ ತಪ್ಪುತ್ತದೆ. ಬಿಲ್ ಇಲ್ಲದೆ ರಿಫಂಡ್ ಕೊಡೋದು ಅಂಗಡಿಯವರಿಗೆ ದೊಡ್ಡ ತಲೆನೋವು. ಕಪಾಟಿನಿಂದ ಮಾಲು ಎತ್ತಿಕೊಂಡು ನೇರ ಕೌಂಟರಿಗೆ ಬಂದು “ಹೋದ ವಾರ ತಗೊಂಡಿದ್ದೆ” ಅನ್ನುವವರು ಇದ್ದಾರೆ. ಕೌಂಟರಿನವರೇ ಸುಳ್ಳು ರಿಫಂಡ್ ಹಾಕಿ ಗಲ್ಲಾದಿಂದ ದುಡ್ಡು ತೆಗೆದ ಕೇಸುಗಳೂ ಇವೆ. ಅದಕ್ಕೇ ಎಷ್ಟೋ ಕಡೆ ಬಿಲ್ ಇಲ್ಲದ ರಿಫಂಡ್‌ಗೆ ಸೂಪರ್‌ವೈಸರ್ ಬಂದು ತನ್ನ ಕೋಡ್ ಒತ್ತಬೇಕು. ಹೊಸದಾಗಿ ಸೇರುವವರು “ಕೊಟ್ಟುಬಿಡ್ತೀನಿ” ಅಂದರೆ ಎದುರು ಕೂತವರಿಗೆ ಏನನ್ನಿಸಬೇಡ?

ನೇರನುಡಿ

ಹಾಗಾದರೆ “ಕೊಡಲ್ಲ” ಅನ್ನಬೇಕಾ? ಅದಕ್ಕೂ ಫೇಲ್ ಮಾಡ್ತಾರಲ್ಲ.

ಹಳೇಫ್ಲೋರ್

ನಾನು ಅಂಗಡಿ ಫ್ಲೋರಿನಲ್ಲಿ ಕೆಲಸ ಮಾಡಿ ಸೂಪರ್‌ವೈಸರ್ ಆದವನು. ಇಂಟರ್‌ವ್ಯೂ ಮಾಡುವ ಕಡೆಯೂ ಸಾಕಷ್ಟು ಸಲ ಕೂತಿದ್ದೇನೆ. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ದೊಡ್ಡ ಸಂಸ್ಥೆಗಳಲ್ಲಿ ಇಂಥ ಪ್ರಶ್ನೆಗೆ ಒಂದು ಹಾಳೆ ಇರುತ್ತದೆ. ಪ್ರಶ್ನೆಯ ಕೆಳಗೆ ಕಡಿಮೆ ಅಂಕದ ಉತ್ತರ, ನಡು ಅಂಕದ ಉತ್ತರ, ಒಳ್ಳೆ ಅಂಕದ ಉತ್ತರ ಹೇಗಿರುತ್ತದೆ ಅಂತ ಮೊದಲೇ ಬರೆದಿರುತ್ತಾರೆ. ಇದು ಹೊಸ ಪದ್ಧತಿ ಏನಲ್ಲ. ಗ್ಯಾರಿ ಲೇಥಮ್ ಮತ್ತು ಅವರ ಜೊತೆಗಾರರು 1980ರಲ್ಲೇ ಈ ಥರದ ಇಂಟರ್‌ವ್ಯೂ ಬಗ್ಗೆ ಬರೆದಿದ್ದಾರೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಸನ್ನಿವೇಶ, ಒಂದೇ ಅಳತೆಗೋಲು.

ಈ ಜಾಕೆಟ್ ಪ್ರಶ್ನೆಗೆ ಕಡಿಮೆ ಅಂಕ ಎರಡು ಥರದವರಿಗೆ. ನಿಯಮ ಓದಿ ಹೇಳಿ ಕಳಿಸುವವರಿಗೆ, ಏನೂ ವಿಚಾರಿಸದೆ ದುಡ್ಡು ಕೊಡುವವರಿಗೆ. ನಡು ಅಂಕ ಕ್ಷಮೆ ಕೇಳಿ ಮ್ಯಾನೇಜರ್‌ನ ಕರೆಯುವವರಿಗೆ. ಒಳ್ಳೆ ಅಂಕ ಮೊದಲು ವಿಷಯ ತಿಳಿದುಕೊಂಡು, ತನ್ನ ಕೈಲಿರುವುದನ್ನು ಮುಂದಿಟ್ಟು, ಮುಗಿಯುವ ತನಕ ಜೊತೆಗಿರುವವರಿಗೆ.

ಹೊಸದಾರಿ ಅವರೇ, ಆ “ಆಮೇಲೆ” ನಿಮ್ಮನ್ನು ಸಿಕ್ಕಿಸಲು ಅಲ್ಲ. ನಿಮ್ಮ ಉತ್ತರ ನಡು ಸಾಲಿನಲ್ಲಿತ್ತು. ಇವರು ಇನ್ನೊಂದು ಮೆಟ್ಟಿಲು ಹತ್ತುತ್ತಾರಾ ಅಂತ ನೋಡಿರುತ್ತಾರೆ. ಉತ್ತರ ಪೂರ್ತಿ ಕೆಟ್ಟಿದ್ದರೆ ಅಷ್ಟೊಂದು ಕೆದಕುವುದಿಲ್ಲ, ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ.

ಹೊಸದಾರಿ

ಇದು ನನಗೆ ಗೊತ್ತೇ ಇರಲಿಲ್ಲ ಸರ್. ಆ ಇನ್ನೊಂದು ಮೆಟ್ಟಿಲು ಅಂದರೆ ಏನು? ಜಾಕೆಟ್ಟನ್ನೇ ಇಟ್ಟುಕೊಂಡು ಹೇಳ್ತೀರಾ?

ತುಂತುರು

ನನಗೂ ಹೀಗೇ ಆಗಿತ್ತು. ಒಂದು ಅಂಗಡಿಯಲ್ಲಿ ಬ್ಯಾಗಿನ ಹಿಡಿ ಕಿತ್ತುಹೋಯಿತು ಅಂತ ವಾಪಸ್ ತೆಗೆದುಕೊಂಡು ಹೋದರೆ ಅರ್ಧ ಗಂಟೆ ನಿಲ್ಲಿಸಿದರು. ಬಿಲ್ ಇದ್ದರೂ ಕೇಳಲಿಲ್ಲ. ನಾನು ಜೋರು ಮಾಡಿದ ಮೇಲೆ ಬದಲಾಯಿಸಿ ಕೊಟ್ಟರು. ಎಲ್ಲಿ ದೂರು ಕೊಡಬಹುದು ಅಂತ ಯಾರಿಗಾದರೂ ಗೊತ್ತಾ?

ಸ್ಕ್ಯಾನರ್

ಅಕ್ಕಾ, ಇಲ್ಲಿ ಮಾತಾಡ್ತಿರೋದು ಇಂಟರ್‌ವ್ಯೂ ಬಗ್ಗೆ. ಕೆಲಸಕ್ಕೆ ಸೇರುವವರು ಹೇಗೆ ಉತ್ತರ ಕೊಡಬೇಕು ಅಂತ.

ತುಂತುರು

ಓ ಹೌದಾ. ಆದರೂ ಒಂದು ಮಾತು ಹೇಳ್ತೀನಿ. ನನಗೆ ಸಿಟ್ಟು ಬಂದಿದ್ದು ಬ್ಯಾಗಿಗಲ್ಲ. ಮೂರು ಜನ ಬಂದರು, ಮೂರು ಜನಕ್ಕೂ ಮೊದಲಿನಿಂದ ಕಥೆ ಹೇಳಬೇಕಾಯಿತು. ಅದಕ್ಕೆ.

ಹಳೇಫ್ಲೋರ್

ತುಂತುರು ಅವರು ಹೇಳಿದ್ದು ಇಲ್ಲಿಗೆ ಬೇಕಾದ ಮಾತೇ. ಇಟ್ಟುಕೊಳ್ಳಿ, ಕೊನೆಗೆ ಅಲ್ಲಿಗೇ ಬರ್ತೀನಿ.

ಜಾಕೆಟ್ ತೆಗೆದುಕೊಳ್ಳೋಣ. ಮೊದಲು ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಮುಂದಿನದು: ಕೇಳಿಸಿಕೊಂಡದ್ದನ್ನು ಒಂದು ವಾಕ್ಯದಲ್ಲಿ ವಾಪಸ್ ಹೇಳುವುದು. “ಜಾಕೆಟ್ ತಗೊಂಡು ಸ್ವಲ್ಪ ದಿನಕ್ಕೇ ಜಿಪ್ ಹೋಗಿದೆ, ಹಾಕಿಕೊಳ್ಳೋಕೆ ಆಗ್ತಿಲ್ಲ, ಅಲ್ವಾ ಸರ್?” ಹೌದು ಅಂತಾರೆ. ಕೂಗಾಡುತ್ತಿದ್ದವರು “ಹೌದು” ಅಂದಕೂಡಲೇ ದನಿ ಒಂಚೂರು ಇಳಿಯುತ್ತದೆ.

ಆಮೇಲೆ ಜಾಕೆಟ್ ಕೈಗೆ ತಗೊಂಡು ನೋಡಬೇಕು. ಜಿಪ್ಪಿನ ಎಳೆಯುವ ತುಂಡು ಸಡಿಲವಾಗಿ ಹಲ್ಲು ಕೂಡುತ್ತಿಲ್ಲವೋ, ಹಲ್ಲಿನ ಪಟ್ಟಿಯ ಹೊಲಿಗೆ ಬಿಟ್ಟಿದೆಯೋ, ಬಟ್ಟೆಯೇ ಹರಿದಿದೆಯೋ? ಮೊದಲ ಎರಡು ಸಾಮಾನ್ಯವಾಗಿ ಮಾಲಿನ ದೋಷ. ಬಟ್ಟೆ ಹರಿದಿದ್ದರೆ ಜೋರಾಗಿ ಎಳೆದಿರಲೂಬಹುದು. ಇಂಟರ್‌ವ್ಯೂನಲ್ಲಿ “ಮೊದಲು ಜಿಪ್ ನೋಡುತ್ತೇನೆ” ಅಂದವರು ತೀರಾ ಕಡಿಮೆ. ಎಲ್ಲರೂ ಸಿಟ್ಟಿನ ಬಗ್ಗೆಯೇ ಮಾತಾಡುತ್ತಾರೆ, ಜಾಕೆಟ್ ಮರೆತುಬಿಡುತ್ತಾರೆ.

ಇದು ಯಾಕೆ ಮುಖ್ಯ ಅಂದರೆ, “ಬಣ್ಣ ಇಷ್ಟ ಆಗಲಿಲ್ಲ” ಅಂತ ವಾಪಸ್ ತರುವುದು ಬೇರೆ, “ಕೆಟ್ಟುಹೋಗಿದೆ” ಅಂತ ತರುವುದು ಬೇರೆ. ಇಂತಿಷ್ಟು ದಿನದೊಳಗೆ ತನ್ನಿ ಅನ್ನುವ ಬೋರ್ಡು ಬಹುಪಾಲು ಮೊದಲನೆಯದಕ್ಕೆ. ಕೆಟ್ಟ ಮಾಲಿನ ವಿಷಯದಲ್ಲಿ ಎಷ್ಟೋ ದೇಶಗಳ ಕಾನೂನು ಕೊಂಡವರಿಗೆ ಬೇರೆಯೇ ಹಕ್ಕು ಕೊಟ್ಟಿದೆ, ಅಂಗಡಿಯ ಬೋರ್ಡಿನಿಂದ ಅದು ಹೋಗುವುದಿಲ್ಲ. ಹಾಗಾಗಿ ನೋಡದೆಯೇ “ನಿಯಮ ವಿವರಿಸುತ್ತೇನೆ” ಅಂದರೆ ತಪ್ಪು ನಿಯಮ ವಿವರಿಸುವ ಸಾಧ್ಯತೆಯೇ ಜಾಸ್ತಿ.

ಇನ್ನು ಬಿಲ್. ಕಾಗದ ಇಲ್ಲ ಅಂದರೆ ಖರೀದಿಯ ಗುರುತೇ ಇಲ್ಲ ಅಂತಲ್ಲ. “ಯಾವ ದಿನ ತಗೊಂಡ್ರಿ, ಕಾರ್ಡಲ್ಲಿ ಕೊಟ್ರಾ? ನಮ್ಮಲ್ಲಿ ಫೋನ್ ನಂಬರ್ ಕೊಟ್ಟಿದ್ರಾ?” ಅಂತ ಕೇಳಿ. ದಿನಾಂಕ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿಯಿಂದ ಎಷ್ಟೋ ಬಿಲ್ಲಿಂಗ್ ಸಿಸ್ಟಂಗಳಲ್ಲಿ ಹಳೇ ಬಿಲ್ ಹುಡುಕಬಹುದು. ಸದಸ್ಯರಾಗಿದ್ದರೆ ಫೋನ್ ನಂಬರಿನಿಂದಲೂ ಸಿಗುತ್ತದೆ. ನಗದು ಕೊಟ್ಟು, ನಂಬರೂ ಕೊಟ್ಟಿಲ್ಲದಿದ್ದರೆ ಮಾತ್ರ ನಿಜವಾಗಿ ಕಷ್ಟ.

ಈಗ ಮ್ಯಾನೇಜರ್ ಇಲ್ಲದ “ಆಮೇಲೆ”. ಇಲ್ಲಿ ಒಂದು ಊಹೆಯನ್ನು ಬಾಯಿಬಿಟ್ಟು ಹೇಳಿ: “ನಿಮ್ಮಲ್ಲಿ ಕೌಂಟರಿನವರು ಎಷ್ಟರವರೆಗೆ ನಿರ್ಧಾರ ಮಾಡಬಹುದು ಅಂತ ನನಗೆ ಗೊತ್ತಿಲ್ಲ. ಎಕ್ಸ್‌ಚೇಂಜ್ ನಾನು ಮಾಡಬಹುದು, ನಗದು ರಿಫಂಡ್‌ಗೆ ಮೇಲಿನವರ ಒಪ್ಪಿಗೆ ಬೇಕು ಅಂತ ಇಟ್ಟುಕೊಳ್ಳುತ್ತೇನೆ.” ಇಷ್ಟು ಹೇಳಿದರೆ ಅರ್ಧ ಗೊಂದಲ ಹೋಯಿತು. ಕೆಲವರು ಅಲ್ಲೇ ತಮ್ಮ ನಿಯಮ ಹೇಳಿಬಿಡುತ್ತಾರೆ. ಆಮೇಲೆ ಗ್ರಾಹಕರ ಮುಂದೆ ಎರಡು ದಾರಿ ಇಡಿ. “ಇದೇ ಅಳತೆಯ ಬೇರೆ ಜಾಕೆಟ್ ಈಗಲೇ ಕೊಡಬಲ್ಲೆ. ನಿಮಗೆ ದುಡ್ಡೇ ಬೇಕು ಅಂದರೆ ವಿವರ ಎಲ್ಲ ಬರೆದು, ಜಾಕೆಟ್ ಪಡೆದುಕೊಂಡದ್ದಕ್ಕೆ ಚೀಟಿ ಕೊಟ್ಟು, ಮ್ಯಾನೇಜರ್ ಬಂದಕೂಡಲೇ ಫೋನ್ ಮಾಡಿಸುತ್ತೇನೆ.” ಆಯ್ಕೆ ಅವರದು.

ಕೊನೆಯದು ತುಂತುರು ಅವರ ಮಾತು. ಮ್ಯಾನೇಜರಿಗೆ ಒಪ್ಪಿಸುವಾಗ ಗ್ರಾಹಕರ ಎದುರೇ, ಅವರಿಗೆ ಕೇಳುವ ಹಾಗೆ, ಚಿಕ್ಕದಾಗಿ ಹೇಳಬೇಕು. “ಇವರು ಹೋದ ತಿಂಗಳು ಕಾರ್ಡಲ್ಲಿ ತಗೊಂಡಿದ್ದಾರೆ, ಬಿಲ್ ಸಿಸ್ಟಂನಲ್ಲಿ ಸಿಕ್ಕಿದೆ. ಜಿಪ್ಪಿನ ಹೊಲಿಗೆ ಬಿಟ್ಟಿದೆ. ಎಕ್ಸ್‌ಚೇಂಜ್ ಬೇಡ, ರಿಫಂಡ್ ಬೇಕಂತೆ.” ಗ್ರಾಹಕರು ಮತ್ತೆ ಕಥೆ ಹೇಳುವ ಹಾಗಿಲ್ಲ. “ಮ್ಯಾನೇಜರ್‌ನ ಕರೆಯುತ್ತೇನೆ” ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಹೊಸದಾರಿ

ಇದನ್ನು ಪುಸ್ತಕಕ್ಕೆ ಬರೆದುಕೊಂಡೆ. ತುಂಬಾ ಥ್ಯಾಂಕ್ಸ್ ಸರ್. ಒಂದು ಅನುಮಾನ. ಕ್ಷಮೆ ಕೇಳುವುದು ನೀವು ಎಲ್ಲೂ ಹೇಳಲೇ ಇಲ್ಲ?

ಮೌನಿ

ಕ್ಷಮೆ ಕೇಳಬಾರದು. ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ. ನಮ್ಮ ಟ್ರೈನಿಂಗ್‌ನಲ್ಲಿ ಹಾಗೇ ಹೇಳಿದ್ದರು.

ರಾತ್ರಿಪಾಳಿ

@ಮೌನಿ ಅವರದು ಅರ್ಧ ಸರಿ. ಏನಕ್ಕೆ ಕ್ಷಮೆ ಅನ್ನೋದು ಮುಖ್ಯ. “ನಿಮಗೆ ಇಷ್ಟು ಓಡಾಟ ಆಯ್ತು, ಕ್ಷಮಿಸಿ” ಅನ್ನುವುದರಲ್ಲಿ ಯಾವ ತಪ್ಪೂ ಒಪ್ಪಿಕೊಂಡಂತೆ ಆಗುವುದಿಲ್ಲ. “ನಮ್ಮ ಮಾಲು ಸರಿ ಇಲ್ಲ, ಕ್ಷಮಿಸಿ” ಅಂತ ಏನೂ ನೋಡದೆ ಅಂದರೆ ಅದು ಬೇರೆ. ಅಪಘಾತ, ಗಾಯ, ಕಳುವು ಇಂಥವುಗಳಲ್ಲಿ ಮಾತ್ರ ಮಾತು ಅಳೆದು ಆಡಬೇಕು, ಅಲ್ಲಿ ಡ್ಯೂಟಿ ಮ್ಯಾನೇಜರ್ ಬರಲೇಬೇಕು.

ಮೌನಿ

ಸಿಟ್ಟಾದವರಿಗೆ ಆ ವ್ಯತ್ಯಾಸ ಎಲ್ಲಿ ಕೇಳಿಸುತ್ತೆ? “ಕ್ಷಮೆ ಕೇಳಿದ್ರಲ್ಲ, ಹಾಗಾದ್ರೆ ತಪ್ಪು ನಿಮ್ಮದೇ” ಅಂತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಹಳೇಫ್ಲೋರ್

ಇದರಲ್ಲಿ ಒಂದೊಂದು ಸಂಸ್ಥೆ ಒಂದೊಂದು ಥರ. ನಾನು ಕೂತಿದ್ದ ಕಡೆ ಕ್ಷಮೆ ಕೇಳಿದ್ದಕ್ಕೆ ಅಂಕ ಕಳೆದಿಲ್ಲ. ಆದರೆ ಬರೀ ಕ್ಷಮೆಯನ್ನೇ ನಾಲ್ಕು ಸಲ ಹೇಳಿದವರಿಗೆ ಜಾಸ್ತಿ ಅಂಕವನ್ನೂ ಕೊಟ್ಟಿಲ್ಲ. ಒಂದು ಸಲ ಹೇಳಿ ಕೆಲಸಕ್ಕೆ ಇಳಿಯಬೇಕು.

ಮೌನಿ

ನಾನು ಒಪ್ಪಲ್ಲ, ಆದರೆ ಬಿಡಿ.

ರಾತ್ರಿಪಾಳಿ

ಹೊಸದಾರಿ, ಹೋಟೆಲ್ ಇಂಟರ್‌ವ್ಯೂ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಫ್ರಂಟ್ ಆಫೀಸ್‌ನಲ್ಲಿ ರಾತ್ರಿ ಪಾಳಿ ಮಾಡುವವಳು. ಅಲ್ಲಿ ಕೇಳುವ ದೊಡ್ಡ ಪ್ರಶ್ನೆ ಬೇರೆ ಇದೆ. “ರಾತ್ರಿ ಹನ್ನೊಂದಕ್ಕೆ ಅತಿಥಿ ಬಂದಿದ್ದಾರೆ. ಕನ್‌ಫರ್ಮ್ ಆದ ಬುಕಿಂಗ್ ಇದೆ. ಒಂದು ರೂಮೂ ಖಾಲಿ ಇಲ್ಲ. ಏನು ಮಾಡುತ್ತೀರಿ?”

ಅಂಗಡಿ ಪ್ರಶ್ನೆಯಲ್ಲಿ ತಪ್ಪು ಯಾರದು ಅಂತ ಅನುಮಾನ ಇರುತ್ತದೆ. ಇಲ್ಲಿ ಅನುಮಾನವೇ ಇಲ್ಲ, ತಪ್ಪು ಹೋಟೆಲಿನದೇ. ಬುಕ್ ಮಾಡಿದವರಲ್ಲಿ ಕೆಲವರು ಬರುವುದಿಲ್ಲ ಅನ್ನುವ ಲೆಕ್ಕದ ಮೇಲೆ ಇರುವ ರೂಮಿಗಿಂತ ಜಾಸ್ತಿ ಬುಕಿಂಗ್ ತೆಗೆದುಕೊಳ್ಳುತ್ತಾರೆ. ಎಲ್ಲರೂ ಬಂದುಬಿಟ್ಟ ದಿನ ಒಬ್ಬರನ್ನು ಬೇರೆ ಹೋಟೆಲಿಗೆ ಕಳಿಸಬೇಕು. ನಮ್ಮಲ್ಲಿ ಇದಕ್ಕೆ “ವಾಕ್ ಮಾಡೋದು” ಅಂತಾರೆ.

ಬಹಳ ಜನ ನೇರ “ಬೇರೆ ಹೋಟೆಲಿಗೆ ಕಳಿಸುತ್ತೇನೆ” ಅನ್ನುತ್ತಾರೆ. ಅದಕ್ಕೂ ಮೊದಲು ನೋಡಬೇಕಾದದ್ದು ಸಾಕಷ್ಟಿದೆ. ಹೆಸರಿನ ಸ್ಪೆಲಿಂಗ್ ಬೇರೆ ಇರಬಹುದು, ಬುಕಿಂಗ್ ಏಜೆಂಟ್ ಹೆಸರಲ್ಲೋ ಕಂಪನಿ ಹೆಸರಲ್ಲೋ ಇರಬಹುದು, ತಾರೀಖು ಒಂದು ದಿನ ಆಚೀಚೆ ಆಗಿರಬಹುದು. ರೂಮಿನ ಕಡೆಯೂ ಹಾಗೇ. ಈವತ್ತು ಖಾಲಿ ಮಾಡಬೇಕಿದ್ದವರು ಹೋಗಿ, ಸಿಸ್ಟಂನಲ್ಲಿ ಇನ್ನೂ ಇದ್ದಾರೆ ಅಂತ ತೋರಿಸುತ್ತಿರಬಹುದು. ರಿಪೇರಿ ಅಂತ ಮುಚ್ಚಿಟ್ಟ ರೂಮಿನಲ್ಲಿ ಬರೀ ಒಂದು ಬಲ್ಬ್ ಹೋಗಿರಬಹುದು. ಹೌಸ್‌ಕೀಪಿಂಗ್‌ಗೆ ಒಂದು ಫೋನ್ ಮಾಡಿದರೆ ಎಷ್ಟೋ ಸಲ ರೂಮ್ ಸಿಕ್ಕಿಬಿಡುತ್ತದೆ.

ನಿಜವಾಗಿಯೂ ಇಲ್ಲ ಅಂದಾಗ ಅತಿಥಿಯ ಮುಂದೆ ಬರೀ “ಫುಲ್ ಆಗಿದೆ” ಅಂತ ನಿಲ್ಲಬಾರದು. ಅವರನ್ನು ಕೌಂಟರಿನಿಂದ ಪಕ್ಕಕ್ಕೆ ಕರೆದು ಕೂರಿಸಿ, ಕೈಯಲ್ಲಿ ಪರಿಹಾರ ಇಟ್ಟುಕೊಂಡು ಹೇಳಬೇಕು. ಹೀಗೆ: “ನಿಮ್ಮ ಬುಕಿಂಗ್ ಸರಿ ಇದೆ, ತಪ್ಪು ನಮ್ಮದು. ಈ ರಾತ್ರಿಗೆ ನಮ್ಮಷ್ಟೇ ಮಟ್ಟದ ಹತ್ತಿರದ ಹೋಟೆಲಿನಲ್ಲಿ ನಿಮ್ಮ ಹೆಸರಿಗೆ ರೂಮ್ ಹಿಡಿದಿದ್ದೇನೆ. ಆ ಬಾಡಿಗೆ ನಾವು ಕೊಡುತ್ತೇವೆ. ಕಾರು ಬಾಗಿಲಲ್ಲಿದೆ. ನಾಳೆ ಮಧ್ಯಾಹ್ನ ನಾವೇ ವಾಪಸ್ ಕರೆತರುತ್ತೇವೆ.” ಜೊತೆಗೆ, ಅವರನ್ನು ಹುಡುಕಿ ಫೋನ್ ಬಂದರೆ ಅಲ್ಲಿಗೆ ತಿರುಗಿಸಬೇಕು ಅಂತ ಆಪರೇಟರಿಗೆ ಹೇಳಿ, ಲಾಗ್ ಬುಕ್ಕಿನಲ್ಲಿ ಬರೆದಿಡಬೇಕು. ಬೆಳಗಿನ ಪಾಳಿಯವರಿಗೆ ಗೊತ್ತಿಲ್ಲದೆ ಹೋದರೆ ಮಾರನೇ ದಿನ ಇನ್ನೊಂದು ಜಗಳ ಖಾಯಂ.

ನೇರನುಡಿ

ಇಷ್ಟೆಲ್ಲ ಮಾಡೋಕೆ ರಾತ್ರಿ ಹನ್ನೊಂದಕ್ಕೆ ಟೈಮ್ ಎಲ್ಲಿರುತ್ತೆ? ಅವರು ಎದುರು ನಿಂತು ಬೈತಾ ಇರ್ತಾರೆ.

ರಾತ್ರಿಪಾಳಿ

ಒಳ್ಳೆ ಪ್ರಶ್ನೆ. ಅದಕ್ಕೇ ಇದನ್ನು ಅವರು ಬರುವ ಮೊದಲೇ ಮಾಡಿರಬೇಕು. ಸಂಜೆಯೇ ಬರಬೇಕಾದವರ ಪಟ್ಟಿ ನೋಡಿದರೆ ರೂಮ್ ಕಡಿಮೆ ಬೀಳುವುದು ಗೊತ್ತಾಗುತ್ತದೆ. ಆಗಲೇ ಪಕ್ಕದ ಹೋಟೆಲಿಗೆ ಫೋನ್ ಮಾಡಿ ರೂಮ್ ಹಿಡಿಯಬೇಕು. ರಾತ್ರಿ ಜಾಸ್ತಿ ಆದಷ್ಟೂ ಅಲ್ಲೂ ಸಿಗುವುದಿಲ್ಲ. ಯಾರನ್ನು ಕಳಿಸುವುದು ಅಂತಲೂ ಆಗಲೇ ಯೋಚಿಸಬೇಕು. ಸಾಮಾನ್ಯವಾಗಿ ಒಂದೇ ರಾತ್ರಿ ಉಳಿಯುವವರು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ, ಪದೇ ಪದೇ ಬರುವವರಾದರೆ ಕಳಿಸುವುದಿಲ್ಲ.

ಇಂಟರ್‌ವ್ಯೂನಲ್ಲಿ “ಇದು ಹನ್ನೊಂದಕ್ಕೆ ಗೊತ್ತಾಗುವ ವಿಷಯ ಅಲ್ಲ, ಸಂಜೆಯೇ ಪಟ್ಟಿ ನೋಡಿರುತ್ತೇನೆ” ಅಂತ ಶುರು ಮಾಡಿ. ಕೆಲಸ ಗೊತ್ತಿರುವವರು ಅಂತ ಅಲ್ಲೇ ಗೊತ್ತಾಗುತ್ತದೆ.

ಅಂಚೆಪೆಟ್ಟಿಗೆ

ರಿಟ್ಜ್-ಕಾರ್ಲ್‌ಟನ್‌ನಲ್ಲಿ ಪ್ರತಿಯೊಬ್ಬ ಉದ್ಯೋಗಿಯೂ ಅತಿಥಿಯ ಸಮಸ್ಯೆ ಬಗೆಹರಿಸಲು 2000 ಡಾಲರ್‌ವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದು. ಅದನ್ನೇ ಹೇಳಿ “ನಾನೂ ಹಾಗೇ ಮಾಡ್ತೀನಿ” ಅಂದರೆ ಇಂಪ್ರೆಸ್ ಆಗ್ತಾರೆ.

ರಾತ್ರಿಪಾಳಿ

ಆ ನಿಯಮ ನಿಜ, ಹೋಟೆಲ್ ಲೈನಿನಲ್ಲಿ ಎಲ್ಲರೂ ಕೇಳಿದ್ದೇ. ಆದರೆ ಅದು ಅವರ ಮನೆಯ ನಿಯಮ. ಬೇರೆ ಹೋಟೆಲಿಗೆ ಹೋಗಿ “ಎರಡು ರಾತ್ರಿ ಫ್ರೀ ಕೊಡ್ತೀನಿ” ಅಂದರೆ ಇಲ್ಲದ ಅಧಿಕಾರವನ್ನು ತಗೊಂಡ ಹಾಗೆ. ಕೊಟ್ಟ ಮಾತನ್ನು ಹೋಟೆಲ್ ಆಮೇಲೆ ನಡೆಸಲಿಲ್ಲ ಅಂದರೆ ಅತಿಥಿಯ ಸಿಟ್ಟು ಎರಡು ಪಟ್ಟು. ಹಳೇಫ್ಲೋರ್ ಹೇಳಿದ ಹಾಗೆ ಮೊದಲು ಮಿತಿ ಕೇಳಬೇಕು.

ಇನ್ನೊಂದು. ಬರೀ ಫ್ರೀ ಕೊಡುವುದೇ ಪರಿಹಾರ ಅಂದುಕೊಂಡವರು ಸಮಸ್ಯೆಯನ್ನು ಬಗೆಹರಿಸುವುದನ್ನೇ ಮರೆಯುತ್ತಾರೆ. ದೂರದಿಂದ ಬಂದು ಸುಸ್ತಾದವರಿಗೆ ಆ ಹೊತ್ತಿಗೆ ಬೇಕಿರುವುದು ಹಾಸಿಗೆ. ಕೂಪನ್ ನಾಳೆ ನೋಡಿಕೊಳ್ಳಬಹುದು.

ಅಂಚೆಪೆಟ್ಟಿಗೆ

ಅದು ಸರಿ. ಆದರೆ ತಪ್ಪಾದ ಮೇಲೆ ಚೆನ್ನಾಗಿ ಸರಿ ಮಾಡಿಕೊಟ್ಟರೆ ಗ್ರಾಹಕರು ಮೊದಲಿಗಿಂತ ಜಾಸ್ತಿ ನಿಷ್ಠರಾಗ್ತಾರೆ ಅಂತ ಸಂಶೋಧನೆಯೇ ಇದೆಯಲ್ಲ?

ಹಳೇಫ್ಲೋರ್

ಇದೆ, 1992ರಲ್ಲಿ ಮೆಕಲೊ ಮತ್ತು ಭಾರದ್ವಾಜ್ ಅದಕ್ಕೊಂದು ಹೆಸರನ್ನೂ ಕೊಟ್ಟರು. ಆಮೇಲೆ ನಡೆದ ಅಧ್ಯಯನಗಳಲ್ಲಿ ಕೆಲವು ಅದನ್ನು ಒಪ್ಪಿದವು, ಕೆಲವಕ್ಕೆ ಹಾಗೆ ಕಾಣಲಿಲ್ಲ. ಅದೇ ತಪ್ಪು ಎರಡನೇ ಸಲ ಆದರೆ ಅಂತೂ ಆ ನಿಷ್ಠೆ ಉಳಿಯುವುದು ಕಷ್ಟ. ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಹೇಳೋಕೆ ಹೋಗಬೇಡಿ. ಅವರಿಗೆ ಥಿಯರಿ ಬೇಡ, ನೀವು ಏನು ಮಾಡುತ್ತೀರಿ ಅನ್ನೋದು ಬೇಕು.

ಚಿಗುರು22

ಇಷ್ಟೆಲ್ಲ “ಏನು ಮಾಡುತ್ತೀರಿ” ಅನ್ನೋ ಪ್ರಶ್ನೆಗೆ ಆಯ್ತು. ನನಗೆ ಕೇಳಿದ್ದು “ಹಿಂದೆ ಸಿಟ್ಟಾದ ಗ್ರಾಹಕರನ್ನು ಸಂಭಾಳಿಸಿದ್ದು ಹೇಳಿ” ಅಂತ. ನಾನು ಈಗಷ್ಟೇ ಓದು ಮುಗಿಸಿದ್ದೇನೆ. ಕೆಲಸವನ್ನೇ ಮಾಡಿಲ್ಲ. ಒಂದು ಕಥೆ ಕಟ್ಟಿ ಹೇಳಿದರೆ ನಡೆಯುತ್ತಾ?

ನೇರನುಡಿ

ನಡೆಯುತ್ತೆ. ಎಲ್ಲರೂ ಹಾಗೇ ಮಾಡೋದು.

ಸ್ಕ್ಯಾನರ್

ಬೇಡ ಪ್ಲೀಸ್. “ಅವರು ಹೋಗುವಾಗ ಏನಂದರು? ಯಾವ ವಸ್ತು ಅದು? ನಿಮ್ಮ ಮೇಲಿನವರಿಗೆ ಯಾವಾಗ ಹೇಳಿದಿರಿ?” ಅಂತ ಕೇಳ್ತಾರೆ. ನಡೆದದ್ದನ್ನು ಹೇಳುವವರ ಹತ್ತಿರ ಸಣ್ಣ ಸಣ್ಣ ವಿವರ ತಾನಾಗಿಯೇ ಬರುತ್ತೆ. ಕಟ್ಟಿದ ಕಥೆಯಲ್ಲಿ ಗ್ರಾಹಕರು ಕೊನೆಗೆ ಯಾವಾಗಲೂ ನಗ್ತಾ ಹೋಗ್ತಾರೆ.

ಹಳೇಫ್ಲೋರ್

@ಚಿಗುರು22, ಕೌಂಟರ್ ಕೆಲಸವೇ ಆಗಬೇಕು ಅಂತಿಲ್ಲ. ಕಾಲೇಜು ಕಾರ್ಯಕ್ರಮದಲ್ಲಿ ಪಾಸ್ ಹಂಚಿದ್ದು, ಲೈಬ್ರರಿಯಲ್ಲಿ ದಂಡದ ವಿಷಯಕ್ಕೆ ಜಗಳ ಆಗಿದ್ದು, ಗುಂಪು ಪ್ರಾಜೆಕ್ಟಿನಲ್ಲಿ ಒಬ್ಬರು ರೇಗಿದ್ದು, ಯಾವುದಾದರೂ ಆಗುತ್ತದೆ. ಎದುರಿನವರು ರೇಗಿದ್ದರು, ನಿಮ್ಮ ಕೈಲಿ ಪೂರ್ತಿ ಅಧಿಕಾರ ಇರಲಿಲ್ಲ, ಆದರೂ ಏನೋ ಮಾಡಿದಿರಿ. ಇವು ಇದ್ದರೆ ಸಾಕು.

ಹೇಳುವಾಗ ಒಂದು ಗಮನ ಇರಲಿ. ಎಲ್ಲರೂ ಆ ವ್ಯಕ್ತಿ ಹೇಗೆ ಕೂಗಾಡಿದರು ಅನ್ನುವುದನ್ನೇ ಉದ್ದ ಹೇಳುತ್ತಾರೆ. “ಆಮೇಲೆ ನಾನು ಸಮಾಧಾನ ಮಾಡಿದೆ” ಅಂತ ಒಂದೇ ಸಾಲಲ್ಲಿ ಮುಗಿಸುತ್ತಾರೆ. ಅದನ್ನು ತಿರುಗಿಸಿ. ಸನ್ನಿವೇಶ ಎರಡು ವಾಕ್ಯ, ನೀವು ಮಾಡಿದ್ದು ಆರೇಳು ವಾಕ್ಯ, ಏನಾಯಿತು ಅನ್ನುವುದು ಒಂದೆರಡು ವಾಕ್ಯ. “ನಾವು ಮಾಡಿದೆವು” ಅನ್ನಬೇಡಿ, “ನಾನು ಮಾಡಿದೆ” ಅನ್ನಿ. ಅಂಕ ಕೊಡುವವರಿಗೆ ನಿಮ್ಮ ಭಾಗ ಯಾವುದು ಅಂತ ಗೊತ್ತಾಗಬೇಕು. ನಿಜವಾಗಿ ಏನೂ ಇಲ್ಲದಿದ್ದರೆ “ಅಂಥ ಸಂದರ್ಭ ಬಂದಿಲ್ಲ, ಬಂದರೆ ಹೀಗೆ ಮಾಡುತ್ತೇನೆ” ಅಂತ ನೇರ ಹೇಳಿ. ಕೆಲವು ಕಡೆ ಅದಕ್ಕೆ ಅಂಕ ಕಡಿಮೆ ಸಿಗಬಹುದು. ಸಿಕ್ಕಿಬೀಳುವುದಕ್ಕಿಂತ ಮೇಲು.

ಚಿಗುರು22

ಲೈಬ್ರರಿಯಲ್ಲಿ ಸಹಾಯಕಿ ಆಗಿದ್ದೆ! ಪುಸ್ತಕ ವಾಪಸ್ ಕೊಟ್ಟಿದ್ದೇನೆ ಅಂತ ಒಬ್ಬರು ಜಗಳ ಆಡಿದ್ದರು. ಕಪಾಟಿನಲ್ಲಿ ಹುಡುಕಿದರೆ ಪುಸ್ತಕ ಅಲ್ಲೇ ಇತ್ತು, ಸ್ಕ್ಯಾನ್ ಆಗಿರಲಿಲ್ಲ.

ಸ್ಕ್ಯಾನರ್

ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? “ಅವರ ಮಾತನ್ನು ಸುಳ್ಳು ಅಂದುಕೊಳ್ಳದೆ ಮೊದಲು ಕಪಾಟು ನೋಡಿದೆ” ಅಂತ ಹೇಳಿ.

ಕೆಂಪುಛತ್ರಿ

ಎಲ್ಲ ಸರಿ. ಆದರೆ ಗ್ರಾಹಕರು ಕೆಟ್ಟ ಮಾತು ಆಡಿದರೆ? ಮೈಮೇಲೆ ಬಂದರೆ? ಎಲ್ಲಕ್ಕೂ ತಲೆ ತಗ್ಗಿಸಿ ನಿಲ್ಲಬೇಕಾ? ನನಗೆ ಒಂದು ಇಂಟರ್‌ವ್ಯೂನಲ್ಲಿ “ಅವರು ನಿಮ್ಮನ್ನು ಬೈದರೆ ಏನು ಮಾಡ್ತೀರಿ” ಅಂದರು. ಸಹಿಸಿಕೊಳ್ಳುತ್ತೇನೆ ಅಂದೆ. ಆ ಉತ್ತರ ಅವರಿಗೆ ಹಿಡಿಸಿದ ಹಾಗೆ ಕಾಣಲಿಲ್ಲ.

ರಾತ್ರಿಪಾಳಿ

ಹಿಡಿಸದೇ ಇರುವುದು ಸಹಜ. ಸಿಟ್ಟು ಬೇರೆ, ಬೆದರಿಕೆ ಬೇರೆ. ಹೋಟೆಲ್ ಮೇಲೆ, ಸರ್ವೀಸ್ ಮೇಲೆ ಕೂಗಿದರೆ ಕೇಳಿಸಿಕೊಳ್ಳಬಹುದು. ನಿಮ್ಮ ಮೇಲೆ ಹೊಲಸು ಮಾತು ಬಂದರೆ ಒಂದು ಸಲ ಸ್ಪಷ್ಟವಾಗಿ ಹೇಳಬೇಕು: “ನಿಮಗೆ ಸಹಾಯ ಮಾಡಬೇಕು ಅಂತಲೇ ಇದ್ದೇನೆ. ಆದರೆ ಈ ಮಾತು ನಿಲ್ಲದಿದ್ದರೆ ನಾನು ಮುಂದುವರಿಸಲು ಆಗುವುದಿಲ್ಲ.” ನಿಲ್ಲದಿದ್ದರೆ ಸೆಕ್ಯುರಿಟಿ, ಡ್ಯೂಟಿ ಮ್ಯಾನೇಜರ್. ಕೈ ಎತ್ತಿದರೆ, ಕೌಂಟರ್ ದಾಟಿದರೆ ಮಾತೇ ಇಲ್ಲ, ಅಲ್ಲಿಂದ ಸರಿದು ನಿಲ್ಲಬೇಕು, ಬೇರೆ ಅತಿಥಿಗಳನ್ನೂ ದೂರ ಕಳಿಸಬೇಕು. ಆಮೇಲೆ ಸಮಯ, ಆಡಿದ ಮಾತು, ಅಲ್ಲಿದ್ದವರು ಯಾರು ಎಲ್ಲ ಬರೆದಿಡಬೇಕು. ಈ ಗೆರೆ ಎಲ್ಲಿದೆ ಅಂತ ನಿಮಗೆ ಗೊತ್ತಾ ಅನ್ನುವುದನ್ನೇ ಆ ಪ್ರಶ್ನೆಯಲ್ಲಿ ನೋಡುವುದು.

ಕೆಂಪುಛತ್ರಿ

ಹೀಗೆ ಹೇಳಿದರೆ “ಇವಳು ಜಗಳಗಂಟಿ” ಅಂದುಕೊಳ್ಳಲ್ವಾ?

ರಾತ್ರಿಪಾಳಿ

ಮೊದಲ ಮಾತಿಗೇ ಸೆಕ್ಯುರಿಟಿ ಅಂದರೆ ಅಂದುಕೊಳ್ಳುತ್ತಾರೆ. ಒಂದು ಸಲ ಎಚ್ಚರಿಸಿ ಆಮೇಲೆ ಅಂದರೆ ಇಲ್ಲ. ಇದನ್ನು ಕೇಳಿ ಮುಖ ಗಂಟು ಹಾಕುವವರು ಇದ್ದರೆ, ಅಲ್ಲಿ ಕೆಲಸಗಾರರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ನಿಮಗೂ ತಿಳಿಯಿತಲ್ಲ.

ಮೌನಿ

ಕ್ಯೂ ಬಗ್ಗೆ ಯಾರೂ ಮಾತಾಡಲಿಲ್ಲ. ಹಿಂದೆ ಆರೇಳು ಜನ ನಿಂತಿದ್ದಾರೆ ಅಂತ ಪ್ರಶ್ನೆಯಲ್ಲೇ ಇದೆ. ಅದನ್ನು ಸುಮ್ನೆ ಸೇರಿಸಿರಲ್ಲ.

ಸ್ಕ್ಯಾನರ್

ಹೌದು! ನಾನಾದರೆ ಗ್ರಾಹಕರನ್ನು ಪಕ್ಕದ ಕೌಂಟರಿಗೆ ಕರೆದುಕೊಂಡು ಹೋಗಿ, ಕ್ಯೂಗೆ ಇನ್ನೊಬ್ಬರನ್ನು ಕರೆಯುತ್ತೇನೆ. ಜನ ನೋಡುತ್ತಿದ್ದರೆ ಕೂಗುವವರ ದನಿ ಇನ್ನೂ ಏರುತ್ತೆ.

ಮೌನಿ

ಅವರು “ನನ್ನನ್ನು ಮೂಲೆಗೆ ತಳ್ತಿದ್ದೀರಾ” ಅಂದರೆ? ಎಷ್ಟೋ ಜನ ಪಕ್ಕಕ್ಕೆ ಬರೋದೇ ಇಲ್ಲ. ಎಲ್ಲರ ಎದುರೇ ಹೇಳಿ ಅಂತಾರೆ.

ಹಳೇಫ್ಲೋರ್

ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಪಕ್ಕಕ್ಕೆ ಕರೆಯುವುದಕ್ಕೆ ಒಂದು ಕಾರಣ ಕೊಟ್ಟರೆ ಬರುವವರು ಜಾಸ್ತಿ. “ಬಿಲ್ ಹುಡುಕೋಕೆ ಆ ಕೌಂಟರ್ ಒಳ್ಳೇದು, ಅಲ್ಲಿ ನಿಮಗೆ ಮಾತ್ರ ಟೈಮ್ ಕೊಡಬಹುದು” ಅಂದರೆ ಮೂಲೆಗೆ ತಳ್ಳಿದ ಹಾಗೆ ಅನ್ನಿಸುವುದಿಲ್ಲ. ಬರಲಿಲ್ಲ ಅಂದರೆ ಬಲವಂತ ಮಾಡಬೇಡಿ, ಕ್ಯೂವನ್ನೇ ಬೇರೆ ಕೌಂಟರಿಗೆ ಕಳಿಸಿ. ಒಬ್ಬರೇ ಇರುವ ಅಂಗಡಿ ಅಂದರೆ ಕ್ಯೂನಲ್ಲಿರುವವರ ಕಡೆ ತಿರುಗಿ “ಸ್ವಲ್ಪ ಹೊತ್ತು ಆಗುತ್ತೆ, ಕ್ಷಮಿಸಿ” ಅಂತ ಹೇಳಿ.

ಮೌನಿ

ಅಂದರೆ ಕ್ಷಮೆ ಕ್ಯೂಗೆ ಕೇಳ್ತೀರಿ. ಅದಕ್ಕೆ ನನ್ನ ತಕರಾರಿಲ್ಲ.

ಹೊಸದಾರಿ

ಕೆಲವು ಹೋಟೆಲ್‌ಗಳಲ್ಲಿ ಪ್ರಶ್ನೆ ಕೇಳದೆ ಅವರೇ ಅತಿಥಿಯಾಗಿ ನಟಿಸುತ್ತಾರಂತೆ. ಎದುರಾ ಎದುರು ಕೂಗಾಡ್ತಾರಂತೆ. ಆಗ “ನಾನು ಹೀಗೆ ಮಾಡುತ್ತೇನೆ” ಅಂತ ವಿವರಿಸಬೇಕಾ, ಇಲ್ಲ ಮಾಡಿಯೇ ತೋರಿಸಬೇಕಾ?

ರಾತ್ರಿಪಾಳಿ

ಮಾಡಿಯೇ ತೋರಿಸಬೇಕು. ಅವರನ್ನು ಅತಿಥಿ ಅಂತಲೇ ನೋಡಿ, ಅವರು ಹೇಳಿದ ಹೆಸರು ಹಿಡಿದು ಮಾತಾಡಿಸಿ. ಅಲ್ಲಿ ಕಂಪ್ಯೂಟರ್ ಇರುವುದಿಲ್ಲ, ಅದಕ್ಕೆ “ಒಂದು ನಿಮಿಷ, ಬುಕಿಂಗ್ ನೋಡುತ್ತಿದ್ದೇನೆ” ಅಂತ ಬಾಯಲ್ಲಿ ಹೇಳಿ ಕಣ್ಣು ಕೆಳಗಿಳಿಸಿದರೆ ಸಾಕು. ಆ ನಿಮಿಷ ನಿಮಗೆ ಯೋಚಿಸೋಕೂ ಆಗುತ್ತದೆ. ಅವರು ದನಿ ಏರಿಸಿದರೆ ನೀವು ಏರಿಸಬೇಡಿ, ತೀರಾ ಪಿಸುಮಾತಿಗೂ ಇಳಿಸಬೇಡಿ. ನಕ್ಕುಬಿಡುವವರು ತುಂಬಾ ಜನ. ಗಾಬರಿಗೆ ನಗು ಬರುತ್ತದೆ, ಆದರೆ ಸಿಟ್ಟಾದ ಅತಿಥಿಗೆ ಅದು ಅಣಕಿಸಿದ ಹಾಗೆ ಕಾಣುತ್ತದೆ. ಮನೆಯಲ್ಲಿ ಯಾರಾದರೂ ಎದುರು ಕೂತು ಜೋರು ಮಾಡಲಿ, ಎರಡು ಮೂರು ಸಲ ಅಭ್ಯಾಸ ಆದರೆ ನಗು ನಿಲ್ಲುತ್ತದೆ.

ತುಂತುರು

ಬೇಕಾದರೆ ನಾನು ಫೋನಲ್ಲಿ ಜೋರು ಮಾಡ್ತೀನಿ ಕಣಮ್ಮ. ಬ್ಯಾಗಿನ ಸಿಟ್ಟು ಇನ್ನೂ ಹಾಗೇ ಇದೆ.

ಹೊಸದಾರಿ

ಖಂಡಿತ ಅಕ್ಕಾ, ಮೆಸೇಜ್ ಮಾಡ್ತೀನಿ. ನೀವು ಅತಿಥಿ, ಹನ್ನೊಂದು ಗಂಟೆ, ರೂಮ್ ಇಲ್ಲ.